ಎರಡು ಬೆರಳು ಎಡಕ್ಕೆ

ನಮ್ಮ ನೆತ್ತಿ ನಮಗೆ ಕಾಣುವುದಿಲ್ಲ, ಅದನ್ನು ನೋಡಲು ಇನ್ನೊಬ್ಬರು ಬೇಕು. ಒಂಟಿಯಾಗಿ ಬಾಡಿಗೆ ರೂಮಿನಲ್ಲಿರುವವಳ ನೆತ್ತಿಯನ್ನು ಯಾರು ನೋಡುತ್ತಾರೆ? ನನ್ನದನ್ನು ನೋಡಿದ್ದು ಸಿಸಿಟಿವಿ.

ಏರ್‌ಪೋರ್ಟ್ ರಸ್ತೆಯ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ನನ್ನ ಕೆಲಸ. ಅತಿಥಿಯೊಬ್ಬರ ಕಳೆದುಹೋದ ಬ್ಯಾಗು ಹುಡುಕುತ್ತಾ ಸೆಕ್ಯೂರಿಟಿಯವರ ಜೊತೆ ಹಿಂದಿನ ದಿನದ ರೆಕಾರ್ಡಿಂಗ್ ನೋಡುತ್ತಿದ್ದೆ. ಕೌಂಟರಿನ ಹಿಂದೆ ಒಬ್ಬಳು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಳು. ಅವಳ ಬೈತಲೆ ಕಿರುಬೆರಳಿನಷ್ಟು ಅಗಲವಾಗಿ ಲೈಟಿನ ಕೆಳಗೆ ಹೊಳೆಯುತ್ತಿತ್ತು. ಅಯ್ಯೋ ಪಾಪ, ಅಂದುಕೊಂಡೆ. ಆಮೇಲೆ ಅವಳು ತಲೆ ಎತ್ತಿದಳು.

ಅಮ್ಮ ಇದನ್ನು ಮೊದಲೇ ಹೇಳಿದ್ದಳು. ದೊಡ್ಡಬಳ್ಳಾಪುರದ ಮನೆಗೆ ಹೋಗಿದ್ದಾಗ ತಲೆ ಬಾಚಲು ಕೂರಿಸಿಕೊಂಡು, "ಬೈತ್ಲೆ ನೋಡೇ, ಗಾಡಿ ಹೊಡ್ಕೊಂಡು ಹೋಗ್ಬೋದು. ಒಬ್ಳೇ ಇದ್ದು ಸರ್ಯಾಗಿ ಉಣ್ಣಲ್ಲ, ತಲೆಗೆ ಎಣ್ಣೆ ಮುಟ್ಸಲ್ಲ. ಮನೆಯಿಂದಾನೇ ಓಡಾಡು" ಅಂದಳು.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ಎದುರಾಳಿಯ ಮಾತಿನಲ್ಲಿ ಬಿರುಕು ಕಂಡರೆ ಕೈ ಹಾಕದೆ ಇರಲಾರೆ. "ಎಣ್ಣೆಯಿಂದ ಕೂದ್ಲು ಬೆಳೆಯುತ್ತೆ ಅನ್ನೋಕೆ ಪುರಾವೆ ಏನಮ್ಮ? ನಲವತ್ತು ವರ್ಷದಿಂದ ಹಚ್ತಿದೀಯಲ್ಲ, ನಿನ್ನ ಬೈತ್ಲೆ ಯಾಕೆ ನನಗಿಂತ ಅಗಲ?" ಅಂದೆ.

ಅಮ್ಮ ಬಾಚಣಿಗೆ ಕೆಳಗಿಟ್ಟು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ವಾದ ನಾನೇ ಗೆದ್ದಿದ್ದೆ. ಅದಾಗಿ ಏಳು ತಿಂಗಳು ಅವಳೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಈಗ ಚಿಕ್ಕಮ್ಮನ ಹೊಸ ಮನೆಯ ಗೃಹಪ್ರವೇಶ. ಅಮ್ಮ ಬರುತ್ತಾಳೆ. ಅವಳ ಎದುರು ನಿಲ್ಲಬೇಕು, ಆದರೆ ಅವಳು ಹೇಳಿದ್ದೇ ನಿಜವಾಯಿತೆಂದು ನನ್ನ ತಲೆ ಸಾಕ್ಷಿ ಹೇಳಬಾರದು. ಇಷ್ಟು ನನಗೆ ಬೇಕಿತ್ತು. ಕ್ಷಮೆ ಕೇಳುವುದು ಇದಕ್ಕಿಂತ ಸುಲಭವಿತ್ತೆಂದು ಗೊತ್ತಿದ್ದೂ ದೇವನಹಳ್ಳಿಯ ಹಳೇ ಪೇಟೆಯ ಬ್ಯೂಟಿ ಪಾರ್ಲರಿನ ಮೆಟ್ಟಿಲು ಹತ್ತಿದೆ.

ಪಾರ್ಲರಿನಾಕೆಗೆ ಐವತ್ತರ ಹತ್ತಿರ. ನನ್ನ ಬನ್ ಬಿಚ್ಚಿ, ಒದ್ದೆ ಟವೆಲ್ಲಿನಿಂದ ನೆತ್ತಿ ಒರೆಸಿ, ಟವೆಲ್ ನೋಡಿದರು. ಕಪ್ಪು ಗೆರೆ.

"ಇದೇನ್ ಮೇಡಂ? ಕಣ್ಣಿಗೆ ಹಚ್ಚೋ ಕಾಡಿಗೇನ ತಲೆಗೆ ಹಚ್ಚಿದೀರ?"

"ಬೈತಲೆ ಕಾಣದಿರಲಿ ಅಂತ."

"ಕಾಡಿಗೇಲಿ ಜಿಡ್ಡಿರುತ್ತೆ ಕಣಮ್ಮ. ಕೂದ್ಲು ಒಂದಕ್ಕೊಂದು ಅಂಟ್ಕೊಂಡು ಎಳೆ ಎಳೆಯಾಗಿ ನಿಲ್ಲುತ್ತೆ, ಮಧ್ಯದ ಜಾಗ ಇನ್ನೂ ಕಾಣುತ್ತೆ. ರೋಡಿಗೆ ಟಾರ್ ಹಾಕಿದ್ರೆ ರೋಡು ಮಾಯ ಆಗುತ್ತಾ?"

ಪಕ್ಕದ ಕುರ್ಚಿಯಲ್ಲಿ ಹುಬ್ಬು ತೆಗೆಸಿಕೊಳ್ಳಲು ಕಾದಿದ್ದ ಹೆಂಗಸು ಕಿಸಕ್ಕೆಂದಳು. ನಾನು ನಗಲಿಲ್ಲ.

ಶಾಂಪೂ ಹಾಕಿ ತೊಳೆದರು. ಕಂಡೀಷನರನ್ನು ತುದಿಗಳಿಗಷ್ಟೇ ಸವರಿದರು, ಬುಡಕ್ಕೆ ತಾಕಿದರೆ ಕೂದಲು ಮಲಗಿಬಿಡುತ್ತದಂತೆ. ಆಮೇಲೆ ಬಾಚಣಿಗೆಯ ಚೂಪು ಬಾಲವನ್ನು ಹಳೆಯ ಬೈತಲೆಯಿಂದ ಎರಡು ಬೆರಳು ಎಡಕ್ಕೆ ಇಟ್ಟರು.

"ಓರೆ ಬೈತಲೆನಾ? ನಮ್ಮ ಮನೇಲಿ ಬೈತಲೆ ಓರೆಯಾದ್ರೆ ಗಂಡನೂ ಓರೆ ಸಿಗ್ತಾನೆ ಅಂತಾರೆ" ಅಂದೆ.

"ನೆಟ್ಟಗೆ ತೆಗ್ದು ನನಗೆ ಸಿಕ್ಕಿರೋನ್ನ ನೋಡ್ಬೇಕು ನೀವು."

"ಸರಿ, ಎರಡು ಬೆರಳು ಸರಿಸಿದರೆ ಏನು ಬದಲಾಗುತ್ತೆ? ಇದ್ದ ಕೂದಲು ಇದ್ದಷ್ಟೇ ಅಲ್ವಾ?"

ಅವರು ಬೇಸರಪಟ್ಟುಕೊಳ್ಳಲಿಲ್ಲ. ಹಳೆಯ ಗೆರೆಗೂ ಹೊಸ ಗೆರೆಗೂ ನಡುವಿನ ಕೂದಲನ್ನು ಎರಡು ಬೆರಳಿನ ನಡುವೆ ಹಿಡಿದು ಕನ್ನಡಿಯಲ್ಲಿ ತೋರಿಸಿದರು. "ಇಷ್ಟು ಕೂದ್ಲು ಚಿಕ್ಕಂದಿನಿಂದ ಎಡಕ್ಕೆ ಬಿದ್ದು ಬಿದ್ದು ಚಪ್ಪಟೆ ಆಗೈತೆ. ಈಗ ಇದನ್ನ ಬಲಕ್ಕೆ ತಿರುಗಿಸ್ತೀನಿ. ಅಭ್ಯಾಸ ಇಲ್ವಲ್ಲ, ಬುಡದಲ್ಲಿ ಸೆಟೆದು ನಿಲ್ಲುತ್ತೆ. ಹಳೇ ಬೈತ್ಲೆ ಇದರ ಅಡೀಲಿ ಹೋಯ್ತು."

ಗೆರೆಯನ್ನು ನೇರವಾಗಿ ಎಳೆಯದೆ ಸಣ್ಣಗೆ ಅಂಕುಡೊಂಕಾಗಿಸಿ, ನೆತ್ತಿಯ ಸುಳಿ ಮುಟ್ಟುವ ಮೊದಲೇ ನಿಲ್ಲಿಸಿದರು. ನೇರ ಗೆರೆಯನ್ನು ಕಣ್ಣು ಹಿಂಬಾಲಿಸುತ್ತದೆ, ಮುರಿದ ಗೆರೆಯಲ್ಲಿ ಜಾರಿಹೋಗುತ್ತದೆ. ತಲೆ ಬಗ್ಗಿಸಲು ಹೇಳಿ, ಕೂದಲು ಬೀಳುವ ದಿಕ್ಕಿಗೆ ಎದುರಾಗಿ ಬೆರಳಾಡಿಸುತ್ತಾ ಬುಡವನ್ನು ಡ್ರೈಯರಿನಿಂದ ಒಣಗಿಸಿದರು. ದುಂಡನೆ ಬ್ರಷ್ಷಿನಲ್ಲಿ ಎತ್ತಿ ಹಿಡಿದು ಬಿಸಿ ಗಾಳಿ, ಆಮೇಲೆ ಹಾಗೇ ಹಿಡಿದು ತಣ್ಣನೆ ಗಾಳಿ. ಆರುವ ತನಕ ಬಿಡಲಿಲ್ಲ. ಮೇಲಿನ ಪದರ ಎತ್ತಿ ಒಳಗಿನ ಕೂದಲನ್ನಷ್ಟೇ ಬುಡದ ಕಡೆಗೆ ಎರಡು ಸಲ ಮೆಲ್ಲಗೆ ಹಿಮ್ಮುಖವಾಗಿ ಬಾಚಿ, ಮೇಲಿನದನ್ನು ಹಾಸಿದರು.

"ಇದನ್ನ ದಿನಾ ಮಾಡ್ಬೇಡಿ, ಕೂದ್ಲು ತುಂಡಾಗುತ್ತೆ. ಬನ್ ಕೂಡ ಬಿಗಿ ಬೇಡ. ಇನ್ನೊಂದು ಕೇಳ್ಕೊಳ್ಳಿ, ಇದು ಕಾಣೋಕೆ ಮಾತ್ರ. ಇದರಿಂದ ಒಂದ್ ಎಳೇನೂ ಬೆಳೆಯಲ್ಲ. ಯಾಕೆ ಉದುರ್ತೈತೆ ಅಂತ ಚರ್ಮದ ಡಾಕ್ಟ್ರಿಗೆ ತೋರ್ಸಿ, ಅವ್ರು ರಕ್ತ ಪರೀಕ್ಷೆ ಮಾಡಿಸ್ತಾರೆ."

ಹಿಂದೆ ಇನ್ನೊಂದು ಕನ್ನಡಿ ಹಿಡಿದರು. ನೆತ್ತಿ ತುಂಬಿತ್ತು. ತುಂಬಾ ಹೊತ್ತು ನೋಡಿದೆ. ರೂಮಿನಲ್ಲಿ ಹೀಗೆ ಹಿಂದೆ ಕನ್ನಡಿ ಹಿಡಿಯುವವರು ಯಾರೂ ಇರಲಿಲ್ಲ.

ಭಾನುವಾರ ಹಾಗೆಯೇ ನಾನೇ ಬಾಚಿಕೊಂಡು ಗೃಹಪ್ರವೇಶಕ್ಕೆ ಹೋದೆ. ಗೆರೆ ಎಲ್ಲಿದೆಯೆಂದು ಫೋನಿನಲ್ಲಿ ನಾಲ್ಕು ಸಲ ಫೋಟೋ ತೆಗೆದು ನೋಡಿಕೊಳ್ಳಬೇಕಾಯಿತು.

ಅಮ್ಮ ಅಡುಗೆಯವರ ಪಕ್ಕ ನಿಂತು ಹೂವಿನ ಮಾಲೆ ತುಂಡರಿಸುತ್ತಿದ್ದಳು, ಸೆರಗು ತಲೆಯ ಮೇಲೆ. ನನ್ನನ್ನು ನೋಡಿದಳು, ಆಮೇಲೆ ನನ್ನ ತಲೆ ನೋಡಿದಳು. ನಾನು ಮೂರು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ.

"ದಟ್ಟ ಆಗೈತೆ ಕಣೆ ಕೂದ್ಲು" ಅಂದಳು. "ಎಣ್ಣೆ ಇಲ್ದಂಗೇ ಬೆಳೀತಲ್ಲ. ನೀನೇ ಸರಿ ಬಿಡು. ನಂಗೇನ್ ಗೊತ್ತಾಗುತ್ತೆ."

ಕಾಲೇಜಿನಲ್ಲಿ ಸುಳ್ಳು ಪುರಾವೆಯಿಂದ ಗೆದ್ದ ತಂಡವನ್ನು ನಾನೇ ಒಮ್ಮೆ ತೀರ್ಪುಗಾರರ ಎದುರು ಹಿಡಿದುಕೊಟ್ಟಿದ್ದೆ.

ಅಮ್ಮ ಒಂದು ಮೊಳ ಮಲ್ಲಿಗೆ ಚಾಚಿದಳು. ಮುಡಿಸಲು ಬಂದ ಕೈ ಅರ್ಧದಲ್ಲಿ ನಿಂತಿತು. "ತಗೋ, ನೀನೇ ಮುಡ್ಕೋ. ನಾನ್ ಮುಟ್ಟಿದ್ರೆ ಕೆಟ್ಟೋಗುತ್ತೆ."

"ಬೆಳೆದಿಲ್ಲಮ್ಮ" ಅಂದೆ. "ಬೈತಲೆ ಪಕ್ಕಕ್ಕೆ ಸರಿಸಿ ಮುಚ್ಚಿದೀನಿ ಅಷ್ಟೆ." ನಂಬಿದಂತೆ ಕಾಣಲಿಲ್ಲ. ತಲೆ ಬಗ್ಗಿಸಿ, ಬಲಕ್ಕೆ ಹಾಸಿದ್ದ ಕೂದಲನ್ನು ಬೆರಳಿನಿಂದ ಬಿಡಿಸಿ ಹಿಡಿದೆ. "ನೋಡು. ನೀನು ಹೇಳಿದಷ್ಟೇ ಅಗಲ ಇದೆ."

ಅಮ್ಮನ ಅಂಗೈ ನನ್ನ ನೆತ್ತಿಯ ಮೇಲೆ ಬಂದು ಕೂದಲನ್ನು ಒತ್ತಿ ಮುಚ್ಚಿತು.

"ಎಲ್ಲಾರೂ ಇದಾರೆ ಕಣೆ ಇಲ್ಲಿ. ಮುಚ್ಕೋ" ಅಂದಳು ಪಿಸುದನಿಯಲ್ಲಿ. ಇನ್ನೊಂದು ಕೈ ತನ್ನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಿತು.

ಆ ದಿನ ನೀನು ಹಾಗಂದದ್ದು ತಪ್ಪು ಎಂದು ಅವಳು ಹೇಳಲಿಲ್ಲ. ನಿನಗೂ ಹೀಗೆ ಬಾಚುತ್ತೇನೆ ಬಾ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಚಿಕ್ಕಮ್ಮ ಪಂಕ್ತಿಗೆ ಎಲೆ ಹಾಕಲು ಕೂಗಿದಳು, ಅಮ್ಮ ಹೋದಳು.

ಎರಡನೇ ಪಂಕ್ತಿಯಲ್ಲಿ ಗುರುತಿಲ್ಲದವರ ನಡುವೆ ಕೂತೆ. ಅವಳ ಅಂಗೈ ಒತ್ತಿದ ಕಡೆ ಕೂದಲು ಚಪ್ಪಟೆಯಾಗಿತ್ತು, ಕೆಳಗಿನ ಚರ್ಮ ಕಾಣುತ್ತಿದ್ದಿರಬೇಕು. ಬೆರಳು ಹಾಕಿ ಎತ್ತಿದ್ದರೆ ಮತ್ತೆ ನಿಲ್ಲುತ್ತಿತ್ತು. ನಾನು ಎತ್ತಲಿಲ್ಲ.