ಡಬ್ಬಿಯ ಮೇಲೆ ಗುಂಡಕ್ಕ

ತಂಗಿಯ ಪಾರ್ಲರಿಗೆ ಜನ ಬರುತ್ತಿದ್ದದ್ದು ಅಕ್ಕ ಕಾಸಿದ ಮುಲಾಮಿಗಾಗಿ. ತಂಗಿ ತೀಡುವ ಹುಬ್ಬಿಗಾಗಿ ಅಲ್ಲ, ಸುಳ್ಳೇಕೆ ಹೇಳಬೇಕು! ಅಂಥ ಅಕ್ಕ ಈಗ ಒಲೆ ಹಚ್ಚಿ ಮರೆಯುತ್ತಿದ್ದಳು, ಉಂಡದ್ದನ್ನೂ ಮರೆಯುತ್ತಿದ್ದಳು. ಪೂರ್ತಿ ಮರೆಯುವ ಮೊದಲು ಡಬ್ಬಿಯ ಮೇಲೆ ಅವಳ ಹೆಸರನ್ನು ಅವಳಿಗೇ ತೋರಿಸಬೇಕೆಂಬುದು ತಂಗಿಯ ಹಟ. ದಾಖಲೆಯ ಹೆಸರಲ್ಲ, ಮನೆಯೊಳಗೆ ಚಿಕ್ಕಂದಿನಿಂದ ತಾನೊಬ್ಬಳೇ ಕರೆಯುತ್ತ ಬಂದ ಹೆಸರು, ಗುಂಡಕ್ಕ.

ಲೋಗೋ ಮಾಡುವ ಹುಡುಗಿ ಬಂದ ದಿನ ಪಾರ್ಲರಿಗೆ ರಜೆ. ತಂಗಿ ಇಬ್ಬರು ಹೊಸ ಗಿರಾಕಿಗಳನ್ನೂ ಕರೆದು ಅಕ್ಕನ ಪಕ್ಕ ಕೂರಿಸಿದ್ದಳು.

"ಆರು ಹೆಸರು ಓದ್ತೀನಿ. ಬರ್ಕೋಬೇಡಿ. ಆಮೇಲೆ ಯಾವುದು ನೆನಪಿದೆ ಅಂತ ಕೇಳ್ತೀನಿ," ಎಂದಳು ಹುಡುಗಿ. ಈ ಬಗೆಯ ಸರಕಿಗೆ ಆ ಹೆಸರುಗಳನ್ನು ಯಾರಾದರೂ ನೋಂದಾಯಿಸಿದ್ದಾರೆಯೇ ಎಂದು ಮೊದಲೇ ಹುಡುಕಿ ನೋಡಿದ್ದಳು. ವನಕಾಂತಿ, ಹಸಿರುಸಿರಿ ಇತ್ಯಾದಿಗಳ ನಡುವೆ ಗುಂಡಕ್ಕನೂ ಬಂದಳು.

"ಅಯ್ಯೋ, ಇದನ್ನ ಹಚ್ಚಿದ್ರೆ ನಾವೂ ಗುಂಡಾಗ್ತೀವಾ?" ಎಂದಳೊಬ್ಬಳು. ಅಕ್ಕನೂ ನಕ್ಕಳು. ತಂಗಿಯ ಎದೆ ತುಂಬಿತು.

ಚಹಾ ಕುಡಿಯುತ್ತ ಬಣ್ಣದ ಮಾತು ಶುರುವಾಯಿತು. ಗಿಡಮೂಲಿಕೆ ಎಂದಮೇಲೆ ಹಸಿರೇ ಎಂದು ತಂಗಿ ಪಟ್ಟು ಹಿಡಿದಳು. ಹುಡುಗಿ ಕಂದು ಗಾಜಿನ ಡಬ್ಬಿಗೆ ಬಣ್ಣದ ಚೀಟಿಗಳನ್ನು ಒಂದೊಂದಾಗಿ ಅಂಟಿಸಿ ದೂರದ ಕಪಾಟಿನಲ್ಲಿಟ್ಟಳು. ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು.

"ಕಡು ಹಸಿರು ಬೇಡ ಕಣೇ, ಕಂದಿನಲ್ಲಿ ಮುಳುಗೋಗುತ್ತೆ. ಬೆಣ್ಣೆ ಬಣ್ಣದ ಚೀಟಿ ಹಾಕು, ಅದರ ಮೇಲೆ ಕೆಂಪು ಬೇರಿನ ಬಣ್ಣದಲ್ಲಿ ಅಕ್ಷರ ಇರ್ಲಿ."

ಹುಡುಗಿ ಹಾಗೆಯೇ ಅ, ಆ ಬರೆದು ಅಂಟಿಸಿ, ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿದಳು. ಆಗಲೂ ಅಕ್ಷರ ಸ್ಪಷ್ಟವಾಗಿತ್ತು. "ಇದೇ ಸರಿ," ಎಂದಳು. ನೋಡಿದಿರಾ ನಮ್ಮ ಅಕ್ಕನನ್ನು ಎಂಬಂತೆ ತಂಗಿ ಎಲ್ಲರ ಮುಖ ನೋಡಿದಳು. ಅಕ್ಕನ ಮರೆವಿನ ಬಗ್ಗೆ ಡಾಕ್ಟರು ಹೇಳಿದ್ದೆಲ್ಲ ಬರೀ ಬೊಗಳೆ ಎಂದೂ ಆ ಕ್ಷಣ ಅನ್ನಿಸಿತು.

"ಈಗ ಹೇಳಿ, ಯಾವ ಹೆಸರು ನೆನಪಿದೆ?"

"ಏನೋ ಕಾಂತಿ... ಗುಂಡಕ್ಕ ಮಾತ್ರ ಗ್ಯಾರಂಟಿ," ಎಂದಳು ಒಬ್ಬಳು. ಇನ್ನೊಬ್ಬಳಿಗೂ ಗುಂಡಕ್ಕನೇ ನೆನಪಿದ್ದಳು. ಹುಡುಗಿ ಅಕ್ಕನತ್ತ ತಿರುಗಿದಳು.

"ಯಾವ ಹೆಸರಮ್ಮ? ಯಾರು ಓದಿದ್ರು?" ಎಂದಳು ಅಕ್ಕ.

ಹುಡುಗಿ ಆ ಹೆಸರನ್ನು ಬೆಣ್ಣೆ ಬಣ್ಣದ ಚೀಟಿಯ ಮೇಲೆ ಕೆಂಪಕ್ಷರದಲ್ಲಿ ಬರೆದು ಅಕ್ಕನ ಕೈಗಿತ್ತಳು. ಅಕ್ಕ ಅಕ್ಷರ ಕೂಡಿಸಿ ಓದಿದಳು.

"ಗುಂಡಕ್ಕ... ಚೆನ್ನಾಗಿದೆ. ಯಾರೇ ಇವಳು?"

ತಂಗಿ ಅಕ್ಕನ ಎದುರು ಕುಕ್ಕರಿಸಿದಳು. "ನಮ್ಮಕ್ಕ. ಈ ಮುಲಾಮು ಅವಳೇ ಮಾಡೋದು."

"ಹೌದಾ? ನಿಂಗೆ ಅವಳನ್ನ ಕಂಡ್ರೆ ಇಷ್ಟಾನಾ?"

"ಪ್ರಾಣ."

ಅಕ್ಕ ಚೀಟಿಯನ್ನು ಅಂಗೈಯಲ್ಲಿ ನೇವರಿಸಿದಳು.

"ಮತ್ತೆ ಇವತ್ತು ಅವಳನ್ನೂ ಕರೀಬೇಕಿತ್ತಲ್ಲೇ."