ಮಾವನ ಕುರಿಗಳು ಜಾಹೀರಾತಿಗೆ ಹೋದದ್ದು

ಚೊಳಚಗುಡ್ಡದ ರಸ್ತೆಯಲ್ಲಿ ಸೋದರಮಾವ ಕುರಿ ಹೊಡೆದುಕೊಂಡು ಹೋಗುವ ವಿಡಿಯೊ ಮಾಡಿ ನನ್ನ ಚಾನೆಲ್ಲಿಗೆ ಹಾಕಿದ್ದೆ. ಅದನ್ನು ಒಂದು ವರ್ಷ ಕಂಬಳಿಯ ಜಾಹೀರಾತಿನಲ್ಲಿ ಬಳಸಲು ದುಡ್ಡು ಕೊಡುತ್ತೇವೆಂದು ಏಜೆನ್ಸಿಯೊಂದು ಕೇಳಿತು. ವಿಡಿಯೊದ ಹಕ್ಕು ನನ್ನಲ್ಲೇ ಉಳಿಯುತ್ತದೆ, ಬೇರೆಯವರಿಗೂ ಅದನ್ನು ಕೊಡಬಹುದು. ಆದರೆ ಮುಖ ಕಾಣುವವರ ಒಪ್ಪಿಗೆಪತ್ರ ಬೇಕಂತೆ.

"ಕುರಿದೂ ಸಹಿ ಬೇಕೇನಲೇ?" ಎನ್ನುತ್ತಲೇ ಮಾವ ಸಹಿ ಹಾಕಿದ. ತಾನು ಜಾಹೀರಾತಿನಲ್ಲಿ ಬರುತ್ತೇನೆಂದು ಊರಿಗೆಲ್ಲ ಸುದ್ದಿಯನ್ನೂ ಹಬ್ಬಿಸಿದ.

ವಾರದ ಬಳಿಕ ಏಜೆನ್ಸಿಯವರು, ಕುರಿಗಳಷ್ಟೇ ಇರುವ ತುಣುಕು ಸಾಕು, ಮನುಷ್ಯ ಬೇಡ ಎಂದರು. ಅಳುಕುತ್ತಲೇ ಮಾವನಿಗೆ ಹೇಳಿದೆ.

"ಕುರಿ ಯಾರವು?"

"ನಿನ್ನವ ಮಾವಾ."

"ಹಂಗಾರ ಅರ್ಧಾ ರೊಕ್ಕಾ ಇಡು."

ಕೊಟ್ಟೆ. ಈಗ ನಾನು ಕ್ಯಾಮೆರಾ ತೆಗೆದರೆ ಸಾಕು, ಮಾವ ಕುರಿಗಳ ನಟ್ಟನಡುವೆ ನುಗ್ಗಿ ನಿಲ್ಲುತ್ತಾನೆ.