ಅದ್ಭುತ ಎಂದವರು ತೆರೆಯದ ಲಿಂಕು

ಮಹಡಿ ಮೇಲಿನ ಕೋಣೆಯ ಹುಡುಗಿಗೆ ವಿಪರೀತ ಜಂಬ ಎಂದು ಇದನ್ನು ಬರೆಯುತ್ತಿರುವವನು ಬಹಳ ದಿನ ನಂಬಿದ್ದ. ಮೆಟ್ಟಿಲಲ್ಲಿ ಎದುರಾದರೆ ಮುಖ ಕೂಡ ನೋಡದೆ ಏನೋ ಗೊಣಗುತ್ತಾ ಇಳಿದುಹೋಗುತ್ತಿದ್ದಳು. ಅದು ಜಂಬವಲ್ಲ, ಸಂದರ್ಶನದ ಉತ್ತರಗಳ ಬಾಯಿಪಾಠ ಎಂದು ತಿಳಿದದ್ದು ಆಮೇಲೆ. ಕೇಳುವವರಿಲ್ಲದ ಕಾರಣ ಮೆಟ್ಟಿಲಿಗೇ ಒಪ್ಪಿಸುತ್ತಿದ್ದಳು.

ಪದವಿ ಮುಗಿದ ಮೇಲೆ ಗೆಳತಿಯರು ದಿಕ್ಕಿಗೊಬ್ಬರಾದರು. ಇವಳು ಒಬ್ಬಳೇ ಕೂತು ಡೇಟಾ ಅನಾಲಿಟಿಕ್ಸ್ ಸರ್ಟಿಫಿಕೇಟ್ ಪಡೆದಳು. ದಿನವೂ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು, ಯಾವ ಬಸ್ಸು ಎಷ್ಟು ತಡ ಎಂದು ಬರೆದುಕೊಂಡು, ಅದನ್ನೇ ಒಂದು ಪ್ರಾಜೆಕ್ಟ್ ಮಾಡಿದಳು. ಕೆಲಸಕ್ಕೆ ಅರ್ಜಿ ಹಾಕಿದ್ದ ಒಂದು ಚಿಕ್ಕ ಕಂಪನಿಯ ಟೀಮ್ ಲೀಡ್, "ಲಿಂಕ್ಡ್‌ಇನ್‌ನಲ್ಲಿ ಹಾಕಿ, ಶುಕ್ರವಾರ ಎಲ್ಲರದ್ದೂ ನೋಡಿ ಒಬ್ಬರನ್ನ ಕರೀತೀವಿ" ಎಂದಿದ್ದರು.

ನಾಲ್ಕು ಸಾಲು ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು. ಕೊನೆಗೆ ಉಳಿದದ್ದು ಇಷ್ಟು: "ಸರ್ಟಿಫಿಕೇಟ್ ಮುಗಿಸಿದೆ. ಜೊತೆಗೊಂದು ಸಣ್ಣ ಪ್ರಾಜೆಕ್ಟ್, ನಮ್ಮ ಸ್ಟಾಪಿನ ಬಸ್ಸುಗಳ ತಡ. ಒಂದೇ ಸ್ಟಾಪಿನ ಲೆಕ್ಕ, ಊರಿಗೆಲ್ಲ ಅನ್ವಯಿಸದು. ತಪ್ಪು ಕಂಡರೆ ದಯವಿಟ್ಟು ತಿಳಿಸಿ." ಕೆಳಗೆ, ಪ್ರಾಜೆಕ್ಟ್ ಇಟ್ಟಿದ್ದ ಗಿಟ್‌ಹಬ್ ಪುಟದ ಲಿಂಕು.

ಸೋದರಮಾವ ತಕ್ಷಣ ಫೋನು ಮಾಡಿದ. ಯಾವುದೋ ಆಫೀಸಿನ ಮ್ಯಾನೇಜರು. ಮದುವೆಮನೆಯಲ್ಲೂ ಕುರ್ಚಿ ಸಾಲಿನ ಉಸ್ತುವಾರಿ ಅವನದೇ.

"ಇದೇನಮ್ಮಾ, ಕಳೆದುಹೋಗಿದೆ ಅನ್ನೋ ಪ್ರಕಟಣೆ ಥರ ಇದೆ. 'ಅತ್ಯಂತ ವಿನಮ್ರಳಾಗಿ ಹೆಮ್ಮೆ ಪಡುತ್ತೇನೆ' ಅಂತ ಶುರು ಮಾಡ್ಬೇಕು."

"ಎರಡೂ ಒಟ್ಟಿಗೆ ಹೇಗೆ ಮಾವ?"

"ನಾನು ಮಾಡಲ್ವಾ?"

ಮೆಚ್ಚುಗೆಗಳು ಬಂದವು. "ಅದ್ಭುತ", "ಒಳನೋಟ ಸೂಪರ್", ಚಪ್ಪಾಳೆಯ ಕೈಗಳು. ಮಾವನದು ಎಲ್ಲಕ್ಕಿಂತ ಉದ್ದ. ಆದರೆ ತಪ್ಪು ತೋರಿಸಿದವರು ಒಬ್ಬರೂ ಇಲ್ಲ. ಬಸ್ಸಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಪ್ರತಿ ಸದ್ದಿಗೂ ಫೋನು ಎತ್ತಿ, ಮತ್ತೆ ಬೋರಲು ಹಾಕುತ್ತಿದ್ದಳು. ಕೋಣೆ ಮೊದಲಿಗಿಂತ ದೊಡ್ಡದಾದಂತಿತ್ತು.

ಸೋಮವಾರ ಟೀಮ್ ಲೀಡ್ ಬರೆದರು: "ನಿಮ್ಮ ಲಿಂಕಲ್ಲಿ ಪುಟವೇ ಸಿಗಲಿಲ್ಲ. ಬೇರೆಯವರನ್ನ ತಗೊಂಡ್ವಿ. ಮುಂದಿನ ಸಲ ನೋಡೋಣ."

ಲಾಗಿನ್ ಇಲ್ಲದ ಬೇರೆ ಕಿಟಕಿಯಲ್ಲಿ ಲಿಂಕು ಒತ್ತಿದಳು. 404, ಅಂಥ ಪುಟವೇ ಇಲ್ಲ. ಮೊದಲ ದಿನ ಅಂಜಿಕೆಯಿಂದ 'ಪ್ರೈವೇಟ್' ಎಂದಿಟ್ಟದ್ದನ್ನು ಬದಲಿಸಿರಲೇ ಇಲ್ಲ. ತನ್ನ ಖಾತೆಯಲ್ಲಿ ಸಲೀಸಾಗಿ ತೆರೆಯುತ್ತಿತ್ತು, ಅನುಮಾನವೇ ಬಂದಿರಲಿಲ್ಲ. ಅಷ್ಟು ಜನ ಮೆಚ್ಚಿದ್ದು ಬೀಗ ಹಾಕಿದ ಬಾಗಿಲನ್ನು. 'ಪಬ್ಲಿಕ್' ಮಾಡಿದಳು. ಕೆಲಸ ಹೋದದ್ದಕ್ಕಿಂತ, ಒಬ್ಬರಾದರೂ ಬಂದು ಬಾಗಿಲು ತಟ್ಟಿರಲಿಲ್ಲ ಎಂಬುದೇ ಚುಚ್ಚಿತು.

ಸಂಜೆ ಮಾವನ ಫೋನು.

"ಕೆಲಸ ತಪ್ಪಿತಂತೆ. ಅವರಿಗೆ ಕಣ್ಣಿಲ್ಲ ಬಿಡು. ನಾನು ಅವತ್ತೇ ಪೂರ್ತಿ ನೋಡಿದೀನಿ, ಎಂಥಾ ಬಣ್ಣ, ಎಂಥಾ ಜೋಡಣೆ. ಅದ್ರಲ್ಲಿ ನಂಗೆ ಯಾವ ಭಾಗ ತುಂಬಾ ಇಷ್ಟ ಆಯ್ತು, ಹೇಳು ನೋಡೋಣ?"

"ಮಾವ, ನೀವು ಅದನ್ನ ತೆರೆದೇ ಇಲ್ಲ."